ಮನೆ ಮೇಲೆ ಸೋಲಾರ್: ನಮ್ಮ ಮನೆಯವರ ಅನುಮಾನಗಳಿಗೆ ಒಂದೊಂದಾಗಿ ಉತ್ತರ ಬೇಕು

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತ ಇದ್ದೇನೆ. ತಿಂಗಳಿಗೆ ಸರಾಸರಿ 330 ಯೂನಿಟ್ ಓಡುತ್ತದೆ, ಹಾಗಾಗಿ ಗೃಹಜ್ಯೋತಿ ನಮಗಿಲ್ಲ. ಕೊಟೇಶನ್ 1 ಲಕ್ಷ 90 ಸಾವಿರ ಬಂದಿದೆ. ಮನೆಯಲ್ಲಿ ಮಾತು ಎತ್ತಿದ್ದೇ ತಡ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅವರು ಹೇಳಿದ್ದನ್ನು ಹಾಗೇ ಹಾಕುತ್ತೇನೆ. ಗೊತ್ತಿದ್ದವರು ಉತ್ತರ ಕೊಡಿ.

ನನ್ನ ಹೆಂಡತಿ: ಸೋಲಾರ್ ಹಾಕಿದರೆ ಕರೆಂಟ್ ಹೋದಾಗಲೂ ಫ್ಯಾನ್ ತಿರುಗುತ್ತೆ, ಯುಪಿಎಸ್ ಮಾರಿಬಿಡೋಣ.
ಮಾವ: ಬಿಲ್ ಸೊನ್ನೆ ಬರುತ್ತೆ, ಮೇಲಿಂದ ಕೆಇಬಿಯವರೇ ದುಡ್ಡು ಕೊಡ್ತಾರೆ. ಅದಕ್ಕೆ 5 ಕಿಲೋವ್ಯಾಟ್ ಹಾಕಿಸು.
ಅಪ್ಪ: ಮಳೆಗಾಲದಲ್ಲಿ ಏನೂ ಬರಲ್ಲ.
ಅಮ್ಮ: ಮೋಲ್ಡ್ ಸೋರುತ್ತೆ, ಭಾರ ತಡೆಯಲ್ಲ.
ಪಕ್ಕದ ಮನೆಯವರು: ಸಿಡಿಲನ್ನು ಎಳೆಯುತ್ತೆ.

ತಂತಿಕಂಬ (ಹುಬ್ಬಳ್ಳಿ)

ಸೋಲಾರ್ ಫಿಟ್ಟಿಂಗ್ ಕೆಲಸದಲ್ಲೇ ಇದ್ದೇನೆ, ಹಾಗಾಗಿ ಇವೆಲ್ಲ ನನಗೆ ದಿನಾ ಕೇಳುವ ಮಾತುಗಳು. ಮೊದಲು ನಿಮ್ಮ ಹೆಂಡತಿಯವರ ಮಾತು. ಅದರಲ್ಲೇ ಜಾಸ್ತಿ ಜನ ಬೇಜಾರಾಗುವುದು.

ಪ್ರಶ್ನೆ: ಕರೆಂಟ್ ಹೋದಾಗ ಸೋಲಾರ್‌ನಿಂದ ಮನೆ ನಡೆಯುತ್ತದೆಯೇ?

ಇಲ್ಲ. ಸರ್ಕಾರದ ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದೆ ನೇರವಾಗಿ ಲೈನಿಗೆ ಸೇರುವ ಆನ್‌ಗ್ರಿಡ್ ಸಿಸ್ಟಮ್. ಮಟಮಟ ಮಧ್ಯಾಹ್ನ, ಸುಡು ಬಿಸಿಲು ಇದ್ದರೂ ಲೈನ್ ಹೋದರೆ, ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬಳಸುವ ಕರೆಂಟಾಗಿ ಬದಲಿಸುವ ಇನ್ವರ್ಟರ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಕೆಟ್ಟು ನಿಲ್ಲುವುದಲ್ಲ, ನಿಲ್ಲುವ ಹಾಗೆಯೇ ಅದನ್ನು ಮಾಡಿದ್ದಾರೆ. ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಕಂಬ ಹತ್ತಿರುತ್ತಾನೆ. ನಿಮ್ಮ ಮನೆಯಿಂದ ಕರೆಂಟ್ ವಾಪಸ್ ಲೈನಿಗೆ ಹೋದರೆ ಅವನ ಜೀವ ಹೋಗುತ್ತದೆ. ಅದಕ್ಕೇ ಲೈನಿನಲ್ಲಿ ವೋಲ್ಟೇಜ್ ಕಾಣದಿದ್ದರೆ ಇನ್ವರ್ಟರ್ ಸುಮ್ಮನಾಗಬೇಕು. ಲೈನ್ ಬಂದ ಮೇಲೂ ತಕ್ಷಣ ಶುರುವಾಗುವುದಿಲ್ಲ. ಕೆಲವು ನಿಮಿಷ ಲೈನ್ ಸರಿಯಾಗಿದೆಯಾ ಅಂತ ನೋಡಿಕೊಂಡು ಆಮೇಲೆ ಸೇರುತ್ತದೆ. ಹೊಸದಾಗಿ ಹಾಕಿಸಿದವರು ಆ ಹೊತ್ತಿನಲ್ಲಿ ಗಾಬರಿಯಾಗಿ ಫೋನ್ ಮಾಡುತ್ತಾರೆ.

ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದರ ಖರ್ಚು ಬೇರೆ. ಯುಪಿಎಸ್ ಮಾರಬೇಡಿ.

ಹಾವೇರಿ ಹುಡುಗ

ಅಣ್ಣಾ, ಇದಕ್ಕೆ ಒಂದು ಉಪಾಯ ಇದೆಯಲ್ಲ. ಆನ್‌ಗ್ರಿಡ್ ಇನ್ವರ್ಟರ್‌ಗೆ ಲೈನ್ ಇದೆ ಅಂತ ಕಾಣಿಸಿದರೆ ಸಾಕು. ಮನೆ ಯುಪಿಎಸ್ ಔಟ್‌ಪುಟ್ ಕೊಟ್ಟರೆ ಅದು ಲೈನ್ ಅಂತ ತಿಳಿದು ಶುರುವಾಗುತ್ತದೆ. ನಮ್ಮ ಕಡೆ ಒಬ್ಬರು ಮಾಡಿದ್ದಾರೆ, ಓಡುತ್ತಿದೆ. ನಮ್ಮೂರಲ್ಲಿ ಹಗಲು ಎರಡು ಮೂರು ಗಂಟೆ ಕರೆಂಟ್ ಇರಲ್ಲ, ಅಷ್ಟು ಬಿಸಿಲು ಸುಮ್ನೆ ವೇಸ್ಟು.

ತಂತಿಕಂಬ (ಹುಬ್ಬಳ್ಳಿ)

ತಮ್ಮಾ, ನೀನು ಹೇಳಿದ ತತ್ವ ಸರಿ, ಮಾಡುವ ಕೆಲಸ ತಪ್ಪು. ಶುದ್ಧ ಸೈನ್ ವೇವ್ ಯುಪಿಎಸ್ ಆಗಿದ್ದರೆ ಕೆಲವು ಇನ್ವರ್ಟರ್ ಶುರುವಾಗುತ್ತವೆ. ಆಮೇಲೆ ಏನಾಗುತ್ತದೆ ನೋಡು. ಸೋಲಾರ್ 2,000 ವ್ಯಾಟ್ ಕೊಡುತ್ತಿದೆ, ಮನೆಯಲ್ಲಿ ಓಡುತ್ತಿರುವುದು 300 ವ್ಯಾಟ್. ಉಳಿದ 1,700 ವ್ಯಾಟ್ ಎಲ್ಲಿಗೆ ಹೋಗಬೇಕು? ಲೈನ್ ಇದ್ದರೆ ಲೈನಿಗೆ ಹೋಗುತ್ತಿತ್ತು. ಈಗ ಯುಪಿಎಸ್‌ನ ಔಟ್‌ಪುಟ್‌ನೊಳಗೇ ನುಗ್ಗುತ್ತದೆ. ಮಾಮೂಲಿ ಮನೆ ಯುಪಿಎಸ್ ಕರೆಂಟ್ ಕೊಡುವುದಕ್ಕೆ ಮಾಡಿದ್ದು, ಔಟ್‌ಪುಟ್ ಕಡೆಯಿಂದ ತೆಗೆದುಕೊಳ್ಳುವುದಕ್ಕಲ್ಲ. ವೋಲ್ಟೇಜ್ ಏರುತ್ತದೆ. ಯುಪಿಎಸ್ ಸುಡುತ್ತದೆ, ಇಲ್ಲ ಟಿವಿ ಸುಡುತ್ತದೆ. ಜನರೇಟರ್‌ಗೂ ಇದೇ ಮಾತು. ಲೈನ್ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಸರಿಯಾಗಿ ಹಾಕಿಲ್ಲ ಅಂದರೆ ಲೈನಿಗೂ ವಾಪಸ್ ಹೋಗಬಹುದು. ನಿಮ್ಮ ಕಡೆಯವರದ್ದು ಇನ್ನೂ ಓಡುತ್ತಿದೆ ಅಂದರೆ ಹಗಲು ಅವರ ಮನೆಯಲ್ಲಿ ಲೋಡ್ ಜಾಸ್ತಿ ಇರಬೇಕು, ಅಷ್ಟೇ.

ಆದರೆ ನೀನು ಹೇಳಿದ ನಷ್ಟ ನಿಜವಾದದ್ದು. 3 ಕಿಲೋವ್ಯಾಟ್ ಸಿಸ್ಟಮ್ ನಡು ಹಗಲಲ್ಲಿ ಗಂಟೆಗೆ ಸುಮಾರು 2 ಯೂನಿಟ್ ಮಾಡುತ್ತದೆ. ಮೂರು ಗಂಟೆ ಲೈನ್ ಇಲ್ಲ ಅಂದರೆ ದಿನದ 12 ಯೂನಿಟ್‌ನಲ್ಲಿ ಅರ್ಧ ಹೋಯಿತು. ಹಳ್ಳಿ ಲೈನಿನಲ್ಲಿ ಮನೆ ಇರುವವರು ಸೋಲಾರ್ ಹಾಕಿಸುವ ಮೊದಲು ಹಗಲು ಎಷ್ಟು ಹೊತ್ತು ಕರೆಂಟ್ ಇರುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು. ಯಾವ ಕೊಟೇಶನ್‌ನಲ್ಲೂ ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಗಿರಿಜಕ್ಕ (ತುಮಕೂರು)

ನಮ್ಮ ಮನೇಲಿ ಸೋಲಾರ್ ಹಾಕಿ ಹನ್ನೊಂದು ವರ್ಷ ಆಯಿತು. ಕರೆಂಟ್ ಇರಲಿ ಬಿಡಲಿ ಬಿಸಿನೀರು ಬರುತ್ತೆ. ಇವರು ಯಾಕೆ ನಿಲ್ಲುತ್ತೆ ಅಂತಾರೋ ಗೊತ್ತಿಲ್ಲ. ಒಂದೇ ತೊಂದರೆ, ಬೋರ್ ನೀರಿಗೆ ಟ್ಯೂಬ್ ಒಳಗೆ ಬಿಳಿ ಪಾಚಿ ಥರ ಕಟ್ಟುತ್ತೆ.

ಬೆಣ್ಣೆದೋಸೆ (ದಾವಣಗೆರೆ)

ಅಕ್ಕಾ, ನಿಮ್ಮದು ನೀರು ಕಾಯಿಸುವ ಸೋಲಾರ್. ನಾನು ಕೇಳುತ್ತಿರುವುದು ಕರೆಂಟ್ ಮಾಡುವುದು.

ಗಿರಿಜಕ್ಕ (ತುಮಕೂರು)

ಓ ಹಾಗಾ! ಎರಡೂ ಕಪ್ಪಗೆ ಮಾಳಿಗೆ ಮೇಲೇ ಇರುತ್ತವಲ್ಲಪ್ಪ. ಸರಿ, ಎರಡೂ ಹಾಕಿಸೋಕೆ ಜಾಗ ಆಗುತ್ತಾ?

ತಂತಿಕಂಬ (ಹುಬ್ಬಳ್ಳಿ)

ಆಗುತ್ತದೆ ಗಿರಿಜಕ್ಕ. 3 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 300 ಚದರ ಅಡಿ ಬೇಕು. ಹೀಟರ್‌ನ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳಬಾರದು ಅಷ್ಟೇ. ಮತ್ತೆ ನಿಮ್ಮ ಬೋರ್ ನೀರಿನ ಮಾತು ಇಲ್ಲಿಗೂ ಬರುತ್ತದೆ. ಪ್ಯಾನೆಲ್ ತೊಳೆಯುವವರು ಗಡಸು ನೀರು ಹಾಕಿ ಬಿಸಿಲಿಗೆ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಬೆಳಿಗ್ಗೆ ಗಾಜು ತಣ್ಣಗಿರುವಾಗ ನಲ್ಲಿ ನೀರು ಹಾಕಿ, ಮೆತ್ತಗಿನ ವೈಪರ್‌ನಿಂದ ಎಳೆದುಬಿಡಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.

ವಾರವಾರ ತೊಳೆಯಬೇಕು ಅನ್ನುವುದೂ ಸುಳ್ಳು, ತೊಳೆಯುವುದೇ ಬೇಡ ಅನ್ನುವುದೂ ಸುಳ್ಳು. ರಸ್ತೆ ಧೂಳು, ರೈಸ್ ಮಿಲ್ ಹೊಟ್ಟು ಇದ್ದರೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಪಾರಿವಾಳದ ಹಿಕ್ಕೆ ಮಾತ್ರ ಕಂಡ ಕೂಡಲೇ ತೆಗೆಯಿರಿ. ಅದು ಒಂದೇ ಜಾಗದಲ್ಲಿ ಬೆಳಕು ತಡೆಯುವುದರಿಂದ ಅಲ್ಲಿನ ಸೆಲ್ ಕಾದು ಹಾಳಾಗುತ್ತದೆ.

ಬಿಸಿಲನಾಡು (ಕಲಬುರಗಿ)

ನಮ್ಮ ಕಡೆಯವರಿಗೆ ಚಿಂತೆ ಇಲ್ರಿ. ಏಪ್ರಿಲ್ ಮೇ ತಿಂಗಳಾಗ 42 ಡಿಗ್ರಿ. ದಾವಣಗೆರೆಗಿಂತ ನಮಗ ಡಬಲ್ ಬರತೈತಿ ನೋಡ್ರಿ.

ತಂತಿಕಂಬ (ಹುಬ್ಬಳ್ಳಿ)

ಬಿಸಿಲು ಬೇರೆ, ಸೆಕೆ ಬೇರೆ ಸರ್. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಪ್ಯಾನೆಲ್ ಮೇಲೆ ಬರೆದಿರುವ 540 ವ್ಯಾಟ್ ಅನ್ನುವುದು ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಗಾಳಿ 42 ಡಿಗ್ರಿ ಇದ್ದ ಮಧ್ಯಾಹ್ನ ಸೆಲ್ 65 ಡಿಗ್ರಿಯ ಹತ್ತಿರ ಹೋಗಿರುತ್ತದೆ. 25 ದಾಟಿದ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ 0.35ರಷ್ಟು ಕಡಿಮೆಯಾಗುತ್ತದೆ. 40 ಡಿಗ್ರಿ ಜಾಸ್ತಿ ಅಂದರೆ ನೂರಕ್ಕೆ 14 ಹೋಯಿತು. ಹೊಸ ಪ್ಯಾನೆಲ್‌ಗಳಲ್ಲಿ ಈ ನಷ್ಟ ಸ್ವಲ್ಪ ಕಡಿಮೆ.

ನಮ್ಮ ಕಡೆ ಒಳ್ಳೆಯ ತಿಂಗಳು ಅಂದರೆ ಫೆಬ್ರವರಿ, ಮಾರ್ಚ್. ಆಕಾಶ ತಿಳಿಯಾಗಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ. ಮೇ ತಿಂಗಳಲ್ಲಿ ಹಗಲು ಉದ್ದ ಇದ್ದರೂ ಅಷ್ಟು ಬರುವುದಿಲ್ಲ. ಅದಕ್ಕೇ ಪ್ಯಾನೆಲ್ ಅನ್ನು ಶೀಟಿಗೆ ಒತ್ತಿ ಹಾಕಬಾರದು. ಕೆಳಗಡೆ ಗಾಳಿ ಆಡುವಷ್ಟು ಜಾಗ ಬಿಡಬೇಕು.

ಬಿಸಿಲನಾಡು (ಕಲಬುರಗಿ)

ಹೌದೇನ್ರಿ. ಅದಕ್ಕ ನಮ್ಮ ತಮ್ಮನ ಇನ್ವರ್ಟರ್ ಮಧ್ಯಾಹ್ನ ಹನ್ನೆರಡಕ್ಕ ಬಂದ್ ಆಗಿ ಬಂದ್ ಆಗಿ ಶುರು ಆಗತದ. ಕಾವಿಗೆ ಇರಬೇಕು.

ತಂತಿಕಂಬ (ಹುಬ್ಬಳ್ಳಿ)

ಅದು ಕಾವಿಗೆ ಅಲ್ಲ ಅನಿಸುತ್ತದೆ. ಕಾವಿಗಾದರೆ ಸಾಮಾನ್ಯವಾಗಿ ಇನ್ವರ್ಟರ್ ನಿಧಾನ ಮಾಡಿಕೊಳ್ಳುತ್ತದೆ, ಪೂರ್ತಿ ಆಫ್ ಆಗುವುದಿಲ್ಲ. ಅದರ ಡಿಸ್‌ಪ್ಲೇಯಲ್ಲಿ ಗ್ರಿಡ್ ಓವರ್ ವೋಲ್ಟೇಜ್ ಅಂತ ಬರುತ್ತದಾ ನೋಡಿ. ಮಧ್ಯಾಹ್ನ ಆ ಬೀದಿಯಲ್ಲಿ ಲೋಡ್ ಕಡಿಮೆ, ಸೋಲಾರ್ ಜಾಸ್ತಿ ಆದರೆ ಲೈನ್ ವೋಲ್ಟೇಜ್ 250 ದಾಟಿ 260ರ ಹತ್ತಿರ ಹೋಗುತ್ತದೆ. ಆಗ ಇನ್ವರ್ಟರ್ ಲೈನಿನಿಂದ ಬಿಟ್ಟುಕೊಳ್ಳುತ್ತದೆ. ಇನ್ವರ್ಟರ್‌ನಿಂದ ಮೀಟರ್‌ಗೆ ಹಾಕಿದ ಕೇಬಲ್ ಉದ್ದವಾಗಿದ್ದು ತೆಳುವಾಗಿದ್ದರೂ ಇದೇ ಆಗುತ್ತದೆ. ಮಧ್ಯಾಹ್ನ ಇನ್ವರ್ಟರ್ ತೋರಿಸುವ ವೋಲ್ಟೇಜ್ ಒಂದು ಸಲ, ಮೀಟರ್ ಹತ್ತಿರದ ವೋಲ್ಟೇಜ್ ಒಂದು ಸಲ ಬರೆದುಕೊಳ್ಳಲಿ. ಎರಡರ ನಡುವೆ ಐದಾರು ವೋಲ್ಟ್ ವ್ಯತ್ಯಾಸ ಇದ್ದರೆ ಕೇಬಲ್ ತಪ್ಪು. ಎರಡೂ ಕಡೆ ಜಾಸ್ತಿ ಇದ್ದರೆ ಲೈನಿನದು. ಆಗ ಕೆಇಬಿಯವರಿಗೆ ಬರೆದು ಕೊಡಬೇಕು.

ಅಡಕೆ ತೋಟ (ಶಿರಸಿ)

ಮಳೆಗಾಲದ ಪ್ರಶ್ನೆಗೆ ನಾನು ಹೇಳುತ್ತೇನೆ, ಯಾಕೆಂದರೆ ಮಳೆಯಲ್ಲಿ ನಾವೇ ಎಲ್ಲರಿಗಿಂತ ಮುಂದೆ. ನಮ್ಮದೂ 3 ಕಿಲೋವ್ಯಾಟೇ. ಮಾರ್ಚ್‌ನಲ್ಲಿ 380 ಯೂನಿಟ್ ಮೇಲೆ ಬರುತ್ತದೆ. ಜುಲೈನಲ್ಲಿ 170, 180. ಏನೂ ಬರುವುದಿಲ್ಲ ಅನ್ನುವುದು ಸುಳ್ಳು. ಮೋಡದ ನಡುವೆಯೂ ಬೆಳಕು ಇದ್ದೇ ಇರುತ್ತದಲ್ಲ. ಜಡಿ ಮಳೆ ಹಿಡಿದ ದಿನ ಮಾತ್ರ ಎರಡು ಮೂರು ಯೂನಿಟ್‌ಗೆ ಇಳಿಯುತ್ತದೆ. ನಮ್ಮದು ಹಂಚಿನ ಮನೆ. ಹಂಚಿನ ಮೇಲೆ ಹಾಕುವ ಧೈರ್ಯ ಆಗದೆ ಅಂಗಳದ ಆಚೆ ಕಂಬ ನೆಟ್ಟು ಹಾಕಿಸಿದೆವು. ಪಕ್ಕದ ತೆಂಗಿನ ಮರದ ನೆರಳು ಸಾಯಂಕಾಲ ಬೀಳುತ್ತದೆ. ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೆ ಎಲ್ಲವೂ ಬಂದ್ ಆಗುತ್ತವೆ ಅಂತಾರೆ, ಹೌದಾ? ಮರ ಕಡಿಯಲು ಮನಸ್ಸಿಲ್ಲ.

ತಂತಿಕಂಬ (ಹುಬ್ಬಳ್ಳಿ)

ಎಲ್ಲವೂ ಬಂದ್ ಆಗುವುದಿಲ್ಲ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದೇ ಸರಪಳಿಯಲ್ಲಿ ಜೋಡಿಸಿರುವುದರಿಂದ ಈ ಮಾತು ಹುಟ್ಟಿದೆ. ಆದರೆ ಪ್ರತಿ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳು ಬಿದ್ದ ಮೂರನೇ ಒಂದು ಭಾಗವನ್ನು ಬಿಟ್ಟು ಕರೆಂಟ್ ಪಕ್ಕದಿಂದ ಹಾದುಹೋಗುತ್ತದೆ. ತೆಂಗಿನ ಗರಿಯ ನೆರಳು ಮಾತ್ರ ತಾಪತ್ರಯ. ತೆಳ್ಳಗಿರುತ್ತದೆ, ಆದರೆ ಒಂದೇ ಸಲ ಮೂರು ನಾಲ್ಕು ಪ್ಯಾನೆಲ್ ಮೇಲೆ ಅಡ್ಡ ಬೀಳುತ್ತದೆ. ಆದರೂ ಸಾಯಂಕಾಲ ನಾಲ್ಕರ ಮೇಲೆ ಬೀಳುವ ನೆರಳಿಗೆ ಮರ ಕಡಿಯಬೇಡಿ ಶಿರಸಿಯವರೇ, ಆ ಹೊತ್ತಿನಲ್ಲಿ ಬರುವುದೇ ಕಡಿಮೆ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ನೆರಳು ಬಂದರೆ ಯೋಚನೆ ಮಾಡಬೇಕು.

ಬೆಣ್ಣೆದೋಸೆಯವರೇ, ನಿಮ್ಮ ಮನೆಗೆ ಇದನ್ನು ಹೇಳಲೇಬೇಕು. ವೆಂಡರ್ ಯಾವ ತಿಂಗಳಲ್ಲಿ ಬಂದು ಜಾಗ ನೋಡಿದ? ನಮ್ಮಲ್ಲಿ ಜೂನ್‌ನಲ್ಲಿ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ನೀರಿನ ಟ್ಯಾಂಕಿನ ನೆರಳು ದಕ್ಷಿಣಕ್ಕೆ, ಅದೂ ಗಿಡ್ಡಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಪ್ಯಾನೆಲ್‌ಗಿಂತ 2 ಮೀಟರ್ ಎತ್ತರದ ಟ್ಯಾಂಕ್ ಇದ್ದರೆ ದಾವಣಗೆರೆಯಲ್ಲಿ ನಡು ಮಧ್ಯಾಹ್ನವೇ ಒಂದೂವರೆ ಮೀಟರ್ ನೆರಳು ಉತ್ತರಕ್ಕೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅದರ ಎರಡು ಪಟ್ಟಿಗಿಂತ ಉದ್ದ. ಹಾಗಾಗಿ ಪ್ಯಾನೆಲ್ ಟ್ಯಾಂಕಿನ ದಕ್ಷಿಣಕ್ಕೆ ಬರಬೇಕು, ಉತ್ತರಕ್ಕಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಅವರು ಬಂದಿದ್ದು ಮೇ ತಿಂಗಳಲ್ಲಿ. ಟ್ಯಾಂಕ್ ದಕ್ಷಿಣದ ಮೂಲೆಯಲ್ಲಿದೆ, ಪ್ಯಾನೆಲ್ ಅದರ ಹಿಂದೆ ಹಾಕುತ್ತೇವೆ ಅಂದಿದ್ದರು. ಒಳ್ಳೆಯದಾಯಿತು ಹೇಳಿದ್ದು, ಮಾತಾಡುತ್ತೇನೆ. ಈಗ ಮಾವನ ಮಾತು. ಬಿಲ್ ಸೊನ್ನೆ ಆಗುತ್ತಾ?

ಲೆಕ್ಕದ ಮೇಷ್ಟ್ರು (ಮೈಸೂರು)

ಇದಕ್ಕೆ ನಾನು ಬರುತ್ತೇನೆ. ಆಗುವುದಿಲ್ಲ. ಸರ್ಕಾರ ಸೋಲಾರ್ ಪುಕ್ಕಟೆ ಕೊಡುತ್ತದೆ ಅನ್ನುವುದೂ ಸುಳ್ಳು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30 ಸಾವಿರ. 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೆ ಒಟ್ಟು 78 ಸಾವಿರ, ಅಲ್ಲಿಗೆ ನಿಂತಿತು. ಹಾಗಾಗಿ 5 ಕಿಲೋವ್ಯಾಟ್ ಹಾಕಿಸಿದರೆ ಮೇಲಿನ ಎರಡಕ್ಕೆ ಸಬ್ಸಿಡಿ ಇಲ್ಲ. ಜಾಸ್ತಿಯಾದ ಯೂನಿಟ್‌ಗೆ ನೀವು ಕೊಂಡುಕೊಳ್ಳುವ ದರದಲ್ಲಿ ದುಡ್ಡು ಕೊಡುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ದರ. ನನ್ನನ್ನು ಕೇಳಿದರೆ ಆ ದುಡ್ಡನ್ನು ಎಫ್‌ಡಿ ಇಡಿ. ಬಡ್ಡಿಯಲ್ಲಿ ಕರೆಂಟ್ ಬಿಲ್ ಕಟ್ಟಬಹುದು.

ತಂತಿಕಂಬ (ಹುಬ್ಬಳ್ಳಿ)

ಮೇಷ್ಟ್ರೇ, ಸಬ್ಸಿಡಿ ಲೆಕ್ಕ, 5 ಕಿಲೋವ್ಯಾಟ್ ಬೇಡ ಅನ್ನುವುದು ಎರಡೂ ಸರಿ. ಎಫ್‌ಡಿ ಲೆಕ್ಕ ಒಪ್ಪುವುದಿಲ್ಲ. ಇವರ ಮನೆಯದ್ದನ್ನೇ ಹಿಡಿಯೋಣ.

1 ಲಕ್ಷ 90 ಸಾವಿರದಲ್ಲಿ 78 ಸಾವಿರ ಕಳೆದರೆ ಕೈಯಿಂದ ಹೋಗುವುದು 1 ಲಕ್ಷ 12 ಸಾವಿರ. 3 ಕಿಲೋವ್ಯಾಟ್‌ನಿಂದ ದಾವಣಗೆರೆಯಲ್ಲಿ ವರ್ಷಕ್ಕೆ 4,200ರ ಮೇಲೆ ಯೂನಿಟ್ ಬರಬೇಕು, ತಿಂಗಳಿಗೆ ಸರಾಸರಿ 350. ಇವರು ಬಳಸುವುದು 330. ಹತ್ತಿರ ಹತ್ತಿರ ಸರಿಹೋಯಿತು. ಯೂನಿಟ್‌ಗೆ ತೆರಿಗೆ ಎಲ್ಲ ಸೇರಿ ಆರು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಸುಮಾರು ಎರಡು ಸಾವಿರ ಉಳಿಯುತ್ತದೆ, ವರ್ಷಕ್ಕೆ 24 ಸಾವಿರ. ಹಾಕಿದ ದುಡ್ಡು ಐದು ವರ್ಷದ ಒಳಗೆ ವಾಪಸ್. 1 ಲಕ್ಷ 12 ಸಾವಿರಕ್ಕೆ ಯಾವ ಎಫ್‌ಡಿ ವರ್ಷಕ್ಕೆ 24 ಸಾವಿರ ಬಡ್ಡಿ ಕೊಡುತ್ತದೆ?

ಲೆಕ್ಕದ ಮೇಷ್ಟ್ರು (ಮೈಸೂರು)

ಎಫ್‌ಡಿಯಲ್ಲಿ ಅಸಲು ಉಳಿಯುತ್ತದೆ ಸ್ವಾಮಿ. ಪ್ಯಾನೆಲ್‌ನಲ್ಲಿ ಅಸಲು ಕರಗುತ್ತದೆ. ಹತ್ತು ವರ್ಷಕ್ಕೆ ಇನ್ವರ್ಟರ್ ಹೋದರೆ ಅದರ ಖರ್ಚು ಯಾರು ಹಾಕಿದರು?

ತಂತಿಕಂಬ (ಹುಬ್ಬಳ್ಳಿ)

ಅದು ನ್ಯಾಯವಾದ ಮಾತು. ಇನ್ವರ್ಟರ್ ಹತ್ತು ವರ್ಷದ ಆಸುಪಾಸಿನಲ್ಲಿ ಒಂದು ಸಲ ಬದಲಾಗುತ್ತದೆ ಅಂತಲೇ ಇಟ್ಟುಕೊಳ್ಳಬೇಕು. ಪ್ಯಾನೆಲ್ ಮಾತ್ರ 25 ವರ್ಷಕ್ಕೆ ನೂರಕ್ಕೆ 80ರಷ್ಟಾದರೂ ಕೊಡಬೇಕು ಅಂತ ವಾರಂಟಿ ಇರುತ್ತದೆ. ಅದನ್ನೆಲ್ಲ ಕಳೆದರೂ ಲಾಭವೇ. ನೀವು ಒಪ್ಪದಿದ್ದರೆ ಬೇಡ ಬಿಡಿ.

ಈಗ ಬಿಲ್ ಸೊನ್ನೆಯ ಮಾತು. ನಿಗದಿತ ಶುಲ್ಕ ಅಂತ ಒಂದು ಇದೆ. ನಿಮ್ಮ ಮಂಜೂರಾದ ಲೋಡ್ ಮೇಲೆ ಕಿಲೋವ್ಯಾಟ್‌ಗೆ ಇಷ್ಟು ಅಂತ ತಿಂಗಳು ತಿಂಗಳು ಬರುತ್ತದೆ. ಸೋಲಾರ್ ಎಷ್ಟು ಹಾಕಿದರೂ ಅದು ಹೋಗುವುದಿಲ್ಲ. ಯೂನಿಟ್‌ನ ದುಡ್ಡು ಮಾತ್ರ ಇಳಿಯುವುದು.

ಇನ್ನೊಂದು ಜಗಳ ಎಲ್ಲ ಮನೆಯಲ್ಲೂ ಮೊದಲ ಬಿಲ್ ಬಂದಾಗ ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ 390 ಯೂನಿಟ್ ಆಗಿದೆ ಅಂತ ಇರುತ್ತದೆ, ಬಿಲ್‌ನಲ್ಲಿ ಎಕ್ಸ್‌ಪೋರ್ಟ್ 270 ಅಂತ ಇರುತ್ತದೆ. 120 ಯೂನಿಟ್ ನುಂಗಿಬಿಟ್ಟರು ಅಂತ ಕೂಗಾಡುತ್ತಾರೆ. ಯಾರೂ ನುಂಗಿಲ್ಲ. ಆ 120 ಯೂನಿಟ್ ಹಗಲಲ್ಲಿ ನಿಮ್ಮ ಫ್ರಿಜ್, ಮೋಟಾರ್, ಮಿಕ್ಸಿಗೆ ನೇರವಾಗಿ ಹೋಗಿದೆ. ಮೀಟರ್ ಕೂತಿರುವುದು ಮನೆಯ ಬಾಗಿಲಲ್ಲಿ, ಒಳಗೊಳಗೇ ಖರ್ಚಾದದ್ದು ಅದಕ್ಕೆ ಕಾಣುವುದಿಲ್ಲ. ರಾತ್ರಿ ನೀವು ಲೈನಿನಿಂದ 230 ತೆಗೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಕೊಟ್ಟಿದ್ದು 270, ತೆಗೆದುಕೊಂಡಿದ್ದು 230. ಉಳಿದ 40ಕ್ಕೆ ಮಾತ್ರ ಆ ಕಡಿಮೆ ದರದ ದುಡ್ಡು. ಜುಲೈನಲ್ಲಿ ಇದೇ ಲೆಕ್ಕ ತಿರುಗಿ ನೀವೇ 60, 70 ಯೂನಿಟ್‌ಗೆ ಕಟ್ಟಬೇಕಾಗಬಹುದು.

ಬಾಡಿಗೆ ಮನೆ (ಬೆಂಗಳೂರು)

ನಮ್ಮ ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ತಿಂಗಳಿಗೆ 110, 120 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. ಒಬ್ಬ ಏಜೆಂಟ್ ಬಂದು ಸೋಲಾರ್ ಹಾಕಿಸಿ, ಸರ್ಕಾರವೇ ಕೊಡುತ್ತದೆ, ರಿಜಿಸ್ಟ್ರೇಶನ್‌ಗೆ 5 ಸಾವಿರ ಕೊಡಿ ಅಂದನಂತೆ.

ತಂತಿಕಂಬ (ಹುಬ್ಬಳ್ಳಿ)

ಕೊಡಬೇಡಿ. ಅರ್ಜಿಯನ್ನು pmsuryaghar.gov.in ನಲ್ಲಿ ನೀವೇ ಹಾಕಬಹುದು. ಸಬ್ಸಿಡಿ ಬರುವುದು ಏಜೆಂಟ್‌ಗಲ್ಲ. ಪ್ಯಾನೆಲ್ ಹಾಕಿ, ಹೊಸ ಮೀಟರ್ ಕೂರಿಸಿ, ತಪಾಸಣೆ ಮುಗಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಅದಕ್ಕಿಂತ ಮೊದಲು ನಿಮಗೆ ಸೋಲಾರ್ ಯಾಕೆ ಬೇಕು ಹೇಳಿ? ಈಗಲೇ ಬಿಲ್ ಸೊನ್ನೆ. ಉಳಿಸುವುದಕ್ಕೆ ಏನೂ ಇಲ್ಲದ ಕಡೆ ಉಳಿತಾಯ ಎಲ್ಲಿಂದ ಬರುತ್ತದೆ? ನಾನು ಇದೇ ವ್ಯಾಪಾರದಲ್ಲಿದ್ದೇನೆ, ಆದರೂ ಇಂತಹ ಮನೆಯವರಿಗೆ ಬೇಡ ಅಂತಲೇ ಹೇಳುತ್ತೇನೆ.

ಲೆಕ್ಕದ ಮೇಷ್ಟ್ರು (ಮೈಸೂರು)

ಇದನ್ನು ಒಪ್ಪಿದೆ.

ಹಾವೇರಿ ಹುಡುಗ

ನಾನು ಒಪ್ಪಲ್ಲ ಅಣ್ಣಾ. ಗೃಹಜ್ಯೋತಿ ಎಷ್ಟು ದಿನ ಇರುತ್ತೆ ಯಾರಿಗೆ ಗೊತ್ತು? ಸಬ್ಸಿಡಿ ಇರುವಾಗಲೇ ಹಾಕಿಸಿಕೊಳ್ಳಬೇಕು. ನಾಳೆ ಅದೂ ಇಲ್ಲ, ಇದೂ ಇಲ್ಲ ಅಂತಾಗಬಾರದು.

ಬೆಣ್ಣೆದೋಸೆ (ದಾವಣಗೆರೆ)

ಆ ಚರ್ಚೆಗೆ ಬೇರೆ ಎಳೆ ಬೇಕು. ಅಮ್ಮನ ಪ್ರಶ್ನೆ ಉಳಿದಿದೆ: ಮೋಲ್ಡ್ ಸೋರುತ್ತದಾ, ಭಾರ ತಡೆಯುತ್ತದಾ?

ತಂತಿಕಂಬ (ಹುಬ್ಬಳ್ಳಿ)

ಭಾರದ ಭಯ ಬೇಡ. 540 ವ್ಯಾಟ್‌ನ ಒಂದು ಪ್ಯಾನೆಲ್ 28 ಕೆಜಿ ಇರಬಹುದು. ಆರು ಪ್ಯಾನೆಲ್ ಸೇರಿ 170 ಕೆಜಿ, ಸ್ಟ್ರಕ್ಚರ್ ಬೇರೆ. ಅದೂ ಅಷ್ಟು ಜಾಗದಲ್ಲಿ ಹಂಚಿಹೋಗುತ್ತದೆ. ನಿಮ್ಮ ಸಾವಿರ ಲೀಟರ್ ಸಿಂಟೆಕ್ಸ್ ತುಂಬಿದಾಗ ಒಂದೇ ಮೂಲೆಯಲ್ಲಿ ಸಾವಿರ ಕೆಜಿ ಕೂತಿರುತ್ತದೆ, ಅಮ್ಮನಿಗೆ ಅದನ್ನು ತೋರಿಸಿ.

ಭಯಪಡಬೇಕಾದ್ದು ಗಾಳಿಗೆ. ಪ್ಯಾನೆಲ್‌ನ ಅಡಿಗೆ ಗಾಳಿ ಹೊಕ್ಕರೆ ಮೇಲಕ್ಕೆ ಎತ್ತುತ್ತದೆ. ಏಪ್ರಿಲ್, ಮೇ ತಿಂಗಳ ಮಳೆ ಗಾಳಿಯಲ್ಲಿ ಸ್ಟ್ರಕ್ಚರ್ ಸಮೇತ ಪಕ್ಕದ ಮನೆಗೆ ಹಾರಿದ್ದನ್ನು ನೋಡಿದ್ದೇನೆ. ಈಗ ಎಲ್ಲರಿಗೂ ಕೆಳಗೆ ಬಟ್ಟೆ ಒಣಗಿಸಲು ಜಾಗ ಬೇಕು ಅಂತ ಎಂಟು ಹತ್ತು ಅಡಿ ಎತ್ತರದ ಸ್ಟ್ರಕ್ಚರ್ ಬೇಕು. ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊಡೆತ ಜಾಸ್ತಿ, ಕಾಲು ಅಷ್ಟೇ ಗಟ್ಟಿ ಇರಬೇಕು. ಕೊಟೇಶನ್‌ನಲ್ಲಿ ಸುಮ್ನೆ ಜಿಐ ಸ್ಟ್ರಕ್ಚರ್ ಅಂತ ಬರೆದಿರುತ್ತಾರೆ. ಪೈಪಿನ ದಪ್ಪ ಎಷ್ಟು ಎಂಎಂ, ಕಾಲು ಯಾವುದರ ಮೇಲೆ ನಿಲ್ಲುತ್ತದೆ, ಬೀಮ್ ಮೇಲೆಯೋ ಬರೀ ಸ್ಲ್ಯಾಬ್ ಮೇಲೆಯೋ, ಕೇಳಿ ಬರೆಸಿಕೊಳ್ಳಿ.

ಸೋರುವುದು ಕೆಲಸದವನ ಕೈಯಲ್ಲಿದೆ. ಮೋಲ್ಡ್ ಮೇಲಿನ ವಾಟರ್‌ಪ್ರೂಫಿಂಗ್ ಕೊರೆದು ಬೋಲ್ಟ್ ಹಾಕಿ ಹಾಗೇ ಬಿಟ್ಟರೆ ಎರಡನೇ ಮಳೆಗಾಲಕ್ಕೆ ಒಳಗಿನ ಸುಣ್ಣ ಉಬ್ಬುತ್ತದೆ. ಕೊರೆದ ಧೂಳು ಊದಿ ತೆಗೆದು, ಕೆಮಿಕಲ್ ಆ್ಯಂಕರ್ ತುಂಬಿ, ಮೇಲೆ ಕಾಂಕ್ರೀಟ್ ಪೀಠ ಕಟ್ಟಿದರೆ ತೊಂದರೆ ಇಲ್ಲ. ಪೀಠದ ಸುತ್ತ ನೀರು ನಿಲ್ಲದಂತೆ ಇಳಿಜಾರು ಕೊಡಿಸಿ. ಮೋಲ್ಡ್ ಈಗಾಗಲೇ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಪ್ಯಾನೆಲ್ ಕೂತ ಮೇಲೆ ಅದರಡಿ ಕೆಲಸ ಮಾಡುವುದು ಬಹಳ ಕಷ್ಟ.

ಸಿಡಿಲಿನ ಮಾತು ಚಿಕ್ಕದು. ಪ್ಯಾನೆಲ್ ಸಿಡಿಲನ್ನು ಕರೆಯುವುದಿಲ್ಲ. ಆದರೆ ಹತ್ತಿರದಲ್ಲಿ ಹೊಡೆದರೆ ತಂತಿಯಲ್ಲಿ ನುಗ್ಗಿ ಇನ್ವರ್ಟರ್ ಸುಡಬಹುದು. ಅದಕ್ಕೆ ಸಿಡಿಲು ಕಂಬಿಗೆ ಒಂದು, ಪ್ಯಾನೆಲ್ ಕಡೆಗೆ ಒಂದು, ಇನ್ವರ್ಟರ್ ಕಡೆಗೆ ಒಂದು, ಹೀಗೆ ಮೂರು ಅರ್ಥಿಂಗ್ ಗುಂಡಿ ಹಾಕುತ್ತಾರೆ. ಜಾಗ ಇಲ್ಲ ಅಂತ ಮೂರನ್ನೂ ಒಂದೇ ಗುಂಡಿಗೆ ತಂದು ಕಟ್ಟುವವರಿದ್ದಾರೆ. ಗುಂಡಿ ತೋಡುವ ದಿನ ನೀವೇ ನಿಂತು ನೋಡಿ.

ಅಡಕೆ ತೋಟ (ಶಿರಸಿ)

ನಮ್ಮ ಕಡೆ ಸಿಡಿಲು ಬಹಳ. ಮೊದಲ ವರ್ಷವೇ ಒಂದು ಸಲ ಪ್ಯಾನೆಲ್ ಕಡೆಯ ಡಿಸಿ ಡಬ್ಬಿಯೊಳಗೆ ಸಿಡಿಲಿನ ಹೊಡೆತ ತಡೆಯಲು ಹಾಕುವ ಎಸ್‌ಪಿಡಿ ಹೋಯಿತು. ಇನ್ವರ್ಟರ್ ಉಳಿಯಿತು. ಆ ಎಸ್‌ಪಿಡಿಗೆ ಒಂದು ಪುಟ್ಟ ಕಿಟಕಿ ಇರುತ್ತದೆ, ಹಸಿರು ಇದ್ದದ್ದು ಕೆಂಪಾಗಿತ್ತು. ಮಳೆಗಾಲದ ಮೊದಲು, ಮುಗಿದ ಮೇಲೆ ನೋಡಿಕೊಳ್ಳುವುದು ಒಳ್ಳೆಯದು.

ಬಾಡಿಗೆ ಮನೆ (ಬೆಂಗಳೂರು)

ಇನ್ನೊಂದು ಕೇಳಿದ್ದೇನೆ. ಪ್ಯಾನೆಲ್ ಮಾಡಲು ಹಿಡಿಯುವ ಕರೆಂಟ್ ಅದು ಜೀವಮಾನದಲ್ಲಿ ಮಾಡುವುದಕ್ಕಿಂತ ಜಾಸ್ತಿಯಂತೆ. ವಿಷವೂ ಇದೆಯಂತೆ.

ತಂತಿಕಂಬ (ಹುಬ್ಬಳ್ಳಿ)

ಮೊದಲನೆಯದು ಹಳೇ ಕಾಲದ ಮಾತು. ನಮ್ಮಷ್ಟು ಬಿಸಿಲಿರುವ ಜಾಗದಲ್ಲಿ ತನ್ನನ್ನು ಮಾಡಲು ಹಿಡಿದ ಶಕ್ತಿಯನ್ನು ಪ್ಯಾನೆಲ್ ಒಂದೆರಡು ವರ್ಷದಲ್ಲಿ ವಾಪಸ್ ಕೊಡುತ್ತದೆ. ವಿಷದ ಮಾತು ಅರ್ಧ ನಿಜ. ಮನೆ ಮೇಲೆ ಹಾಕುವ ಸಿಲಿಕಾನ್ ಪ್ಯಾನೆಲ್‌ನ ಬೆಸುಗೆಯಲ್ಲಿ ಸ್ವಲ್ಪ ಸೀಸ ಇರುತ್ತದೆ. ಗಾಜಿನ ಒಳಗೆ ಮುಚ್ಚಿರುವಾಗ ಏನೂ ಮಾಡುವುದಿಲ್ಲ. ಒಡೆದು ಕಸದ ಗುಂಡಿಗೆ ಎಸೆದರೆ ತಪ್ಪು. 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ ಕೂಡ ಸೇರಿದೆ. ಆದರೆ ನಮ್ಮ ತಾಲೂಕಿನಲ್ಲಿ ಒಡೆದ ಒಂದು ಪ್ಯಾನೆಲ್ ಕೊಡಬೇಕು ಅಂದರೆ ತೆಗೆದುಕೊಳ್ಳುವವರೇ ಸಿಗಲಿಲ್ಲ. ಗುಜರಿಯವನು ಅಲ್ಯೂಮಿನಿಯಂ ಫ್ರೇಮ್ ಬಿಚ್ಚಿಕೊಂಡು ಉಳಿದದ್ದನ್ನು ಬಿಟ್ಟು ಹೋದ.

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ. ಯುಪಿಎಸ್ ಇರಲಿ ಅಂದಳು. ಮಾವನಿಗೆ ಮಾತ್ರ ಇನ್ನೂ 5 ಕಿಲೋವ್ಯಾಟೇ ಬೇಕಂತೆ, ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುತ್ತೀರಿ ಅಂತಾರೆ.

ಕೊನೆಯದೊಂದು. ನಮ್ಮ ಆರ್‌ಆರ್ ನಂಬರ್ ಇನ್ನೂ ತಾತನ ಹೆಸರಿನಲ್ಲಿದೆ, ಅವರು ತೀರಿಕೊಂಡಿದ್ದಾರೆ. ಅರ್ಜಿ ಹಾಕಿದರೆ ಆಗುತ್ತದಾ?

ತಂತಿಕಂಬ (ಹುಬ್ಬಳ್ಳಿ)

ಮೊದಲು ಅದನ್ನು ಮಾಡಿಸಿ. ಮೀಟರ್ ಯಾರ ಹೆಸರಿನಲ್ಲಿದೆಯೋ ಅರ್ಜಿ ಅವರದ್ದು, ಸಬ್ಸಿಡಿ ಬರುವ ಖಾತೆಯೂ ಅವರದ್ದೇ ಆಗಿರಬೇಕು. ಹೆಸರು ತಾಳೆಯಾಗದೆ ದುಡ್ಡು ಸಿಕ್ಕಿಕೊಂಡವರನ್ನು ನೋಡಿದ್ದೇನೆ. ಮನೆಯ ಖಾತೆ ನಿಮ್ಮ ತಂದೆಯ ಹೆಸರಿಗೆ ಆಗಿದೆಯಾ?

ಬೆಣ್ಣೆದೋಸೆ (ದಾವಣಗೆರೆ)

ಇಲ್ಲ. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಅತ್ತೆ. ಇನ್ನೂ ಭಾಗ ಆಗಿಲ್ಲ.

ಲೆಕ್ಕದ ಮೇಷ್ಟ್ರು (ಮೈಸೂರು)

ಹಾಗಾದರೆ ಅಲ್ಲಿಯವರೆಗೆ ಎಫ್‌ಡಿ ಇಡಿ.

ತಂತಿಕಂಬ (ಹುಬ್ಬಳ್ಳಿ)

ಮೇಷ್ಟ್ರು ಗೆದ್ದರು. ಬೆಣ್ಣೆದೋಸೆಯವರೇ, ಮರಣ ಪತ್ರ ಮತ್ತು ವಂಶವೃಕ್ಷ ತೆಗೆದುಕೊಂಡು ನಿಮ್ಮ ಸಬ್ ಡಿವಿಷನ್ ಆಫೀಸಿಗೆ ಹೋಗಿ. ಉಳಿದವರ ಒಪ್ಪಿಗೆ ಪತ್ರದ ಮೇಲೆ ಬರೀ ಮೀಟರ್ ಅನ್ನು ಅಪ್ಪನ ಹೆಸರಿಗೆ ಮಾಡಿಕೊಡುತ್ತಾರಾ ಅಂತ ಕೇಳಿ ನೋಡಿ. ಅದು ಆಗುವವರೆಗೆ ವೆಂಡರ್‌ಗೆ ಅಡ್ವಾನ್ಸ್ ಕೊಡಬೇಡಿ.